ಹತ್ತಾರು ಸ್ಕ್ಯಾನ್ ಪುಟ, ಒಂದೇ ಪಿಡಿಎಫ್: ಸಾಲು ತಪ್ಪದ ಹಾಗೆ ಜೋಡಿಸುವುದು

ಪ್ರಶ್ನೆ: ಆನ್‌ಲೈನ್ ಅರ್ಜಿಯಲ್ಲಿ ಎಲ್ಲ ದಾಖಲೆಗೂ ಸೇರಿ ಒಂದೇ ಅಪ್‌ಲೋಡ್ ಜಾಗ ಇದೆ. ಒಂದೇ ಪಿಡಿಎಫ್, 5 ಎಂಬಿ ಒಳಗೆ ಅಂತ ಬರೆದಿದ್ದಾರೆ. ನನ್ನ ಹತ್ರ ಎರಡೂ ಬದಿ ಬರೆದಿರುವ 12 ಹಾಳೆಯ ಸೇವಾ ದಾಖಲೆ, ಫೋನಿನಲ್ಲಿ ತೆಗೆದ 11 ಪ್ರಮಾಣಪತ್ರ, ಡೌನ್‌ಲೋಡ್ ಮಾಡಿದ 3 ಪುಟದ ಡಿಜಿಟಲ್ ಸಹಿಯ ಪತ್ರ ಇವೆ. ಜೋಡಿಸಿದರೆ ಒಂದಾದ ಮೇಲೆ ಹತ್ತು ಬರ್ತಿದೆ, ಹಾಳೆಗಳ ಹಿಂಬದಿ ಎಲ್ಲ ಕೊನೆಯಿಂದ ಮೊದಲಿಗೆ ಬರ್ತಿದೆ, ಸೈಜು 40 ಎಂಬಿ ದಾಟಿದೆ. ಏನು ಮಾಡಲಿ?

ಉತ್ತರ: ಮೂರು ತೊಂದರೆ ಹೇಳಿದ್ದೀರಿ. ಮೂರಕ್ಕೂ ಕಾರಣ ಬೇರೆ ಬೇರೆ, ಹಾಗಾಗಿ ಒಂದೊಂದಾಗಿ ಬಿಡಿಸೋಣ. ಜೋಡಿಸುವ ಕೆಲಸ ಕೊನೆಯ ಐದು ನಿಮಿಷದ್ದು. ಸಾಲು ತಪ್ಪುವುದು ಅದಕ್ಕೂ ಮುಂಚೆ, ಫೈಲಿಗೆ ಹೆಸರಿಡುವಾಗ ಮತ್ತು ಹಾಳೆಯನ್ನು ಸ್ಕ್ಯಾನರಿಗೆ ಕೊಡುವಾಗ.

ಮೊದಲು ಒಂದು ಬಿಳಿ ಹಾಳೆಯಲ್ಲಿ ಯಾವುದಾದ ಮೇಲೆ ಯಾವುದು ಅಂತ ಬರೆದುಕೊಳ್ಳಿ. ಅರ್ಜಿಯಲ್ಲೇ ದಾಖಲೆಗಳ ಕ್ರಮ ಕೊಟ್ಟಿದ್ದರೆ ಅದೇ ಕ್ರಮ, ನಿಮಗೆ ಬೇರೆಯದು ಚೆಂದ ಅನ್ನಿಸಿದರೂ ಬೇಡ. ಕೊಟ್ಟಿಲ್ಲ ಅಂದರೆ ಮೊದಲ ಪುಟವಾಗಿ ಒಂದು ಪಟ್ಟಿ ಹಾಕಿ: ಪ್ರಮಾಣಪತ್ರಗಳು ಪುಟ 2ರಿಂದ 12, ಸೇವಾ ದಾಖಲೆ 13ರಿಂದ 36, ಪತ್ರ 37ರಿಂದ 39. ಒಂದೇ ಫೈಲಿನಲ್ಲಿ 39 ಪುಟ ತೆರೆದು ನೋಡುವ ಮನುಷ್ಯ ಇದನ್ನೇ ಹುಡುಕುವುದು. ನಿಮಗೂ ಇದು ಬೇಕು, ಕೊನೆಗೆ ತಾಳೆ ನೋಡಲು ಇದೇ ಆಧಾರ. ಅಂದ ಹಾಗೆ, ಮೂಲ ದಾಖಲೆಯ ಮೇಲೆ ಪೆನ್ಸಿಲಿನಲ್ಲೂ ಪುಟ ಸಂಖ್ಯೆ ಬರೆಯಬೇಡಿ. ಸ್ಕ್ಯಾನಿನಲ್ಲಿ ಅದು ತಿದ್ದಿದ ಹಾಗೆ ಕಾಣುತ್ತದೆ.

ಈಗ ಒಂದಾದ ಮೇಲೆ ಹತ್ತು ಬರುವ ವಿಚಾರ. ನಿಮ್ಮ ಫೈಲುಗಳ ಹೆಸರು cert1, cert2 ಅಂತ ಶುರುವಾಗಿ cert11 ತನಕ ಇರಬೇಕು. ಜೋಡಿಸುವ ಎಷ್ಟೋ ಪ್ರೋಗ್ರಾಂಗಳು ಹೆಸರನ್ನು ಸಂಖ್ಯೆಯಾಗಿ ಓದುವುದಿಲ್ಲ, ಒಂದೊಂದೇ ಅಕ್ಷರ ಹೋಲಿಸುತ್ತವೆ. cert10 ಮತ್ತು cert2 ಎರಡರಲ್ಲೂ cert ಆದ ಮೇಲಿನ ಮೊದಲ ಅಂಕಿ ನೋಡಿ: ಒಂದರಲ್ಲಿ 1, ಇನ್ನೊಂದರಲ್ಲಿ 2. ಒಂದು ಮೊದಲು, ಎರಡು ಆಮೇಲೆ. ಅಲ್ಲಿಗೆ ತೀರ್ಮಾನ ಆಯ್ತು, ಮುಂದಿನ ಸೊನ್ನೆಯನ್ನು ಅದು ನೋಡುವುದೇ ಇಲ್ಲ. ಹಾಗಾಗಿ ಸಾಲು 1, 10, 11, 2, 3 ಅಂತ ಆಗುತ್ತದೆ.

ಇದರಲ್ಲಿ ಜನರನ್ನು ದಾರಿ ತಪ್ಪಿಸುವುದು ಬೇರೆಯೇ ಇದೆ. ವಿಂಡೋಸಿನ ಫೋಲ್ಡರ್ ಕಿಟಕಿ ಸಂಖ್ಯೆಯನ್ನು ಸಂಖ್ಯೆಯಾಗಿಯೇ ಓದುತ್ತದೆ. ಅಲ್ಲಿ 1, 2, 3, ಕೊನೆಗೆ 10, 11 ಅಂತ ಸರಿಯಾಗಿಯೇ ಕಾಣುತ್ತದೆ. ಅಲ್ಲಿಂದ ಎಲ್ಲವನ್ನೂ ಆರಿಸಿ ಇನ್ನೊಂದು ಪ್ರೋಗ್ರಾಂಗೆ ಕೊಟ್ಟಾಗ ಅದು ತನ್ನದೇ ಲೆಕ್ಕದಲ್ಲಿ ಸಾಲು ಮಾಡುತ್ತದೆ. ಕಣ್ಣಿಗೆ ಕಂಡದ್ದೇ ಒಂದು, ಫೈಲಿಗೆ ಹೋಗಿದ್ದೇ ಒಂದು.

ಮದ್ದು ಸುಲಭ. ಎಲ್ಲ ಹೆಸರಿನಲ್ಲೂ ಅಂಕಿಗಳ ಉದ್ದ ಒಂದೇ ಇರಲಿ, ಮುಂದೆ ಸೊನ್ನೆ ತುಂಬಿ. ನಾನಂತೂ 01, 02 ಅಂತ ಇಡುವುದಿಲ್ಲ. 010, 020, 030 ಅಂತ ಹತ್ತತ್ತು ಬಿಟ್ಟು ಇಡುತ್ತೇನೆ. ಎಲ್ಲ ಮುಗಿದ ಮೇಲೆ ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಒಂದು ಪುಟ ಬಿಟ್ಟುಹೋಗಿದೆ ಅಂತ ಗೊತ್ತಾದರೆ ಅದಕ್ಕೆ 035 ಅಂತ ಹೆಸರಿಟ್ಟರೆ ಸಾಕು, ಉಳಿದ ಯಾವುದನ್ನೂ ಮುಟ್ಟಬೇಕಾಗಿಲ್ಲ.

ಫೋನಿನ ಫೋಟೋಗಳಲ್ಲಿ ಇನ್ನೊಂದು ಸಣ್ಣ ಬಲೆ ಇದೆ. ಅವುಗಳ ಹೆಸರಿನಲ್ಲಿ ಸಾಮಾನ್ಯವಾಗಿ ತೆಗೆದ ದಿನ ಮತ್ತು ಸಮಯ ಇರುತ್ತದೆ. ಸಾಲಾಗಿ ತೆಗೆದಿದ್ದರೆ ಸರಿ. ಆದರೆ ನಾಲ್ಕನೆಯದು ಮಸುಕಾಯ್ತು ಅಂತ ಕೊನೆಯಲ್ಲಿ ಮತ್ತೆ ತೆಗೆದರೆ ಅದು ಕೊನೆಗೇ ಹೋಗಿ ನಿಲ್ಲುತ್ತದೆ, ಹಳೆಯ ಮಸುಕು ಪುಟವೂ ನಡುವೆ ಉಳಿದಿರುತ್ತದೆ. ಮತ್ತೆ ತೆಗೆದ ಕೂಡಲೇ ಹಳೆಯದನ್ನು ಅಳಿಸಿ, ಹೊಸದಕ್ಕೆ ಅದರ ಸಂಖ್ಯೆ ಕೊಡಿ.

ಇನ್ನು ಸೇವಾ ದಾಖಲೆ. ಹೆಚ್ಚು ಗೊಂದಲ ಇರುವುದು ಇಲ್ಲೇ, ಹಾಗಾಗಿ ಇದನ್ನು ನಿಧಾನವಾಗಿ ನೋಡೋಣ. ನಿಮ್ಮ ಸ್ಕ್ಯಾನರಿನ ಫೀಡರ್ ಒಂದು ಸಲಕ್ಕೆ ಒಂದೇ ಬದಿ ಓದುತ್ತದೆ ಅಂತ ಕಾಣುತ್ತದೆ. 12 ಹಾಳೆಯ ಕಟ್ಟು ಇಟ್ಟಿರಿ, ಮುಂಬದಿ ಎಲ್ಲ ಬಂತು: 1, 3, 5, ಹೀಗೆ 23ರ ತನಕ. ಈಗ ಹೊರಬಂದ ಕಟ್ಟನ್ನು ಹಾಗೇ ಎತ್ತಿ, ಹಿಂಬದಿ ಓದುವ ಹಾಗೆ ಮತ್ತೆ ಇಟ್ಟಿರಿ. ಆಗ ಮೊದಲು ಒಳಗೆ ಹೋಗುವುದು ಕೊನೆಯ ಹಾಳೆ. ಹಾಗಾಗಿ ಎರಡನೇ ಫೈಲಿನಲ್ಲಿ 24, 22, 20, ಹೀಗೆ ಇಳಿಯುತ್ತಾ 2ಕ್ಕೆ ಮುಗಿಯುತ್ತದೆ. ಇದು ಸ್ಕ್ಯಾನರಿನ ದೋಷ ಅಲ್ಲ. ಕಟ್ಟನ್ನು ಕೈಯಲ್ಲಿ ಮರುಜೋಡಿಸಲು ಹೋಗಲೂ ಬೇಡಿ, ಅಲ್ಲಿ ಎಡವಟ್ಟಾಗುವುದೇ ಜಾಸ್ತಿ. ಸಾಲು ಉಲ್ಟಾ ಬರಲಿ ಬಿಡಿ, ಜೋಡಿಸುವಾಗ ತಿರುಗಿಸೋಣ.

ಎರಡು ಫೈಲಿಗೂ front.pdf, back.pdf ಅಂತ ಹೆಸರಿಡಿ. ಈಗ ಬೇಕಾಗಿರುವುದು ಒಂದರ ಹಿಂದೆ ಒಂದು ಅಂಟಿಸುವುದಲ್ಲ. ಇಸ್ಪೀಟು ಕಲೆಸುವಾಗ ಎರಡು ಕಟ್ಟು ಒಂದರೊಳಗೊಂದು ಹೆಣೆದುಕೊಳ್ಳುತ್ತದಲ್ಲ, ಹಾಗೆ ಅಲ್ಲೊಂದು ಇಲ್ಲೊಂದು ಪುಟ ತೆಗೆದುಕೊಳ್ಳಬೇಕು, ಎರಡನೇ ಕಟ್ಟನ್ನು ಮಾತ್ರ ಕೊನೆಯಿಂದ. qpdf ಎಂಬ ಉಚಿತ ಪ್ರೋಗ್ರಾಂನಲ್ಲಿ ಇದು ಒಂದೇ ಸಾಲಿನ ಕೆಲಸ:

```
qpdf --empty --collate --pages front.pdf back.pdf z-1 -- seva.pdf
```

ಇದರಲ್ಲಿ `--collate` ಅಂದರೆ ಸರದಿಯಂತೆ ಒಂದೊಂದು ಪುಟ ತೆಗೆದುಕೋ ಅಂತ. `z-1` ಅಂದರೆ ಕೊನೆಯ ಪುಟದಿಂದ ಮೊದಲ ಪುಟದ ತನಕ. ಅದು back.pdf ಆದ ಮೇಲೆ ಬಂದಿರುವುದರಿಂದ ಆ ಫೈಲಿಗೆ ಮಾತ್ರ ಅನ್ವಯಿಸುತ್ತದೆ. ಕಮಾಂಡ್ ಬರೆಯುವುದು ಬೇಡ ಅನ್ನಿಸಿದರೆ PDFsam Basic ಹಾಕಿಕೊಳ್ಳಿ, ಅದೂ ಉಚಿತವೇ. ಅದರಲ್ಲಿ Alternate Mix ಅಂತ ಒಂದು ಆಯ್ಕೆ ಇದೆ. ಎರಡು ಫೈಲು ಹಾಕಿ, ಎರಡನೆಯದರ ಸಾಲಿನಲ್ಲಿ ಉಲ್ಟಾ ಮಾಡುವ ಗುರುತು ಹಾಕಿದರೆ ಅದೇ ಕೆಲಸ ಆಗುತ್ತದೆ.

ಕೆಲವು ಸ್ಕ್ಯಾನರುಗಳಲ್ಲಿ ಕಟ್ಟು ಹೊರಬರುವ ರೀತಿ ಬೇರೆ. ಆದ್ದರಿಂದ ಜೋಡಿಸುವ ಮೊದಲು back.pdf ತೆರೆದು ಮೊದಲ ಪುಟ ನೋಡಿ. ಅಲ್ಲಿ 24ನೇ ಪುಟ ಇದ್ದರೆ ಮೇಲಿನ ಸಾಲು ಹಾಗೇ ಬಳಸಿ. 2ನೇ ಪುಟ ಇದ್ದರೆ `z-1` ತೆಗೆದುಬಿಡಿ.

ಜೋಡಿಸಿದ ಮೇಲೆ ತಪ್ಪಾಗಿದ್ದರೆ ಫೈಲಿನ ರೂಪದಿಂದಲೇ ಕಾರಣ ಹೇಳಬಹುದು. ಒಂದನೇ ಪುಟದ ಪಕ್ಕದಲ್ಲೇ 24 ಬಂದಿದ್ದರೆ ಉಲ್ಟಾ ಮಾಡಲು ಮರೆತಿದ್ದೀರಿ. ಆದರೆ ಮೊದಲ ಎಂಟು ಪುಟ ಸರಿಯಾಗಿದ್ದು, ಆಮೇಲೆ 11, 10, 13, 12 ಅಂತ ಜೋಡಿಗಳು ಅದಲುಬದಲಾಗಿ, ಕೊನೆಯಲ್ಲಿ 23, 22, 24 ಅಂತ ಮುಗಿದಿದ್ದರೆ? ಮುಂಬದಿ ಓದುವಾಗ ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಹೋಗಿವೆ, 9ನೇ ಪುಟ ಸ್ಕ್ಯಾನೇ ಆಗಿಲ್ಲ. front.pdfನಲ್ಲಿ 11 ಪುಟ, back.pdfನಲ್ಲಿ 12 ಪುಟ ಇರುತ್ತದೆ. ಇದು ಕೆಟ್ಟ ತಪ್ಪು, ಯಾಕಂದರೆ ಮೊದಲ ಕೆಲವು ಪುಟ ನೋಡಿ ಸರಿ ಇದೆ ಅಂದುಕೊಂಡು ಕಳಿಸಿಬಿಡುತ್ತಾರೆ. ಅದಕ್ಕೇ ಹೆಣೆಯುವ ಮೊದಲು ಎರಡೂ ಫೈಲಿನ ಪುಟ ಎಣಿಸಿ:

```
qpdf --show-npages front.pdf
qpdf --show-npages back.pdf
```

ಎರಡಕ್ಕೂ 12 ಅಂತ ಬರಬೇಕು. ಬರಲಿಲ್ಲ ಅಂದರೆ ಯಾವ ಪುಟ ಕಾಣೆಯಾಗಿದೆ ಅಂತ ಹುಡುಕಿ ತುರುಕುವುದಕ್ಕಿಂತ ಆ ಬದಿಯನ್ನು ಪೂರ್ತಿ ಮತ್ತೆ ಸ್ಕ್ಯಾನ್ ಮಾಡುವುದೇ ಬೇಗ. ಹಾಳೆಗಳ ಅಂಚನ್ನು ಒಮ್ಮೆ ಬೆರಳಲ್ಲಿ ಬಿಡಿಸಿ ಗಾಳಿ ಆಡಿಸಿ. ಸ್ಟೇಪಲ್ ತೆಗೆದ ಮೂಲೆ ಇದ್ದರೆ ಚಪ್ಪಟೆ ಮಾಡಿ, ಅಂಟಿಕೊಳ್ಳುವುದು ಜಾಸ್ತಿ ಅಲ್ಲೇ.

ಇದೇ ಲೆಕ್ಕ ತಪ್ಪಿಸುವ ಇನ್ನೊಂದು ವಿಷಯ, ಖಾಲಿ ಪುಟ. ಕೆಲವು ಸ್ಕ್ಯಾನರ್ ಪ್ರೋಗ್ರಾಂಗಳು ಖಾಲಿ ಪುಟವನ್ನು ತಾವಾಗಿಯೇ ಬಿಟ್ಟುಬಿಡುತ್ತವೆ. ಸೇವಾ ದಾಖಲೆಯ ಯಾವುದಾದರೂ ಹಾಳೆಯ ಬೆನ್ನು ಖಾಲಿ ಇದ್ದರೆ ಹಿಂಬದಿ ಫೈಲಿನಲ್ಲಿ ಒಂದು ಪುಟ ಕಡಿಮೆಯಾಗಿ ಅಲ್ಲಿಂದ ಮುಂದಿನ ಹೆಣಿಗೆ ಎಲ್ಲ ಜಾರುತ್ತದೆ. ಸ್ಕ್ಯಾನ್ ಮಾಡುವಾಗ ಆ ಆಯ್ಕೆ ಆಫ್ ಇರಲಿ. ಖಾಲಿ ಪುಟ ಬೇಡ ಅಂದರೆ ಹೆಣೆದಾದ ಮೇಲೆ ತೆಗೆಯಿರಿ. ನನ್ನ ಕೇಳಿದರೆ ಸೇವಾ ದಾಖಲೆಯಂಥದ್ದರಲ್ಲಿ ಖಾಲಿ ಬೆನ್ನನ್ನೂ ಬಿಡುವುದೇ ಒಳ್ಳೆಯದು. ಇಲ್ಲದಿದ್ದರೆ ಒಂದು ಪುಟ ಮುಚ್ಚಿಟ್ಟಿದ್ದಾರಾ ಅಂತ ನೋಡುವವರಿಗೆ ಅನುಮಾನ ಬರಬಹುದು.

ಪ್ರಮಾಣಪತ್ರಗಳಿಗೆ ಬರೋಣ. ಸುಮ್ನೆ ಕ್ಯಾಮೆರಾದಲ್ಲಿ ತೆಗೆದ ಫೋಟೋಗಿಂತ ಫೋನಿನ ಸ್ಕ್ಯಾನ್ ಸೌಲಭ್ಯ ಬಳಸಿದರೆ ಅಂಚು ಕತ್ತರಿಸಿ, ಓರೆ ತಿದ್ದಿ ಕೊಡುತ್ತದೆ. ಹನ್ನೊಂದನ್ನೂ ಒಂದೇ ಸಲಕ್ಕೆ ತೆಗೆದು ಅಲ್ಲೇ ಎಳೆದು ಸಾಲು ಮಾಡಬಹುದು. ಹಾಗೆ ಮಾಡಿದರೆ ಹೆಸರಿನ ತಲೆನೋವೂ ಇಲ್ಲ. ಈಗಾಗಲೇ ಫೋಟೋ ತೆಗೆದಾಗಿದೆ, ಮತ್ತೆ ತೆಗೆಯಲು ಆಗುವುದಿಲ್ಲ ಅಂದರೆ ವಿಂಡೋಸಿನಲ್ಲಿ ಎಲ್ಲವನ್ನೂ ಆರಿಸಿ, ಮೊದಲ ಫೈಲಿನ ಮೇಲೇ ಬಲಕ್ಲಿಕ್ ಮಾಡಿ, ಪ್ರಿಂಟ್ ಕೊಟ್ಟು, ಪ್ರಿಂಟರ್ ಜಾಗದಲ್ಲಿ Microsoft Print to PDF ಆರಿಸಿ. ಬೇರೆ ಫೈಲಿನ ಮೇಲೆ ಬಲಕ್ಲಿಕ್ ಮಾಡಿದರೆ ಅದೇ ಮೊದಲ ಪುಟವಾಗಿ ಕೂರುತ್ತದೆ. ಆ ಕಿಟಕಿಯ ಕೆಳಗೆ Fit picture to frame ಅಂತ ಒಂದು ಗುರುತು ಇರುತ್ತದೆ, ಅದನ್ನು ತೆಗೆಯಿರಿ. ಅದಿದ್ದರೆ ಕಾಗದ ತುಂಬಿಸುವ ಭರದಲ್ಲಿ ಫೋಟೋದ ಅಂಚು ಕತ್ತರಿಸಿ ಹೋಗುತ್ತದೆ. ಪ್ರಮಾಣಪತ್ರದಲ್ಲಿ ನೋಂದಣಿ ಸಂಖ್ಯೆ, ಮೊಹರು ಇರುವುದೇ ಅಂಚಿನಲ್ಲಿ, ಅಲ್ವಾ?

ಅಡ್ಡ ಬಿದ್ದಿರುವ ಪುಟವನ್ನು ನೇರ ಮಾಡುವಾಗಲೂ ಸ್ವಲ್ಪ ಎಚ್ಚರ. ಪಿಡಿಎಫ್ ಓದುವ ಪ್ರೋಗ್ರಾಂನ ನೋಟದ ಮೆನುವಿನಲ್ಲಿ ತಿರುಗಿಸಿದರೆ ಎಷ್ಟೋ ಸಲ ಅದು ನಿಮ್ಮ ಪರದೆಯ ಮೇಲೆ ಮಾತ್ರ ತಿರುಗಿರುತ್ತದೆ, ಫೈಲಿನಲ್ಲಿ ಹಾಗೇ ಅಡ್ಡ ಇರುತ್ತದೆ. ಫೈಲು ಮುಚ್ಚಿ ಮತ್ತೆ ತೆರೆದು ನೋಡಿ, ಗೊತ್ತಾಗುತ್ತದೆ.

ಡೌನ್‌ಲೋಡ್ ಮಾಡಿದ ಪತ್ರವನ್ನು ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡಬೇಡಿ. ಅದರಲ್ಲಿ ಇರುವುದು ಚಿತ್ರ ಅಲ್ಲ, ನಿಜವಾದ ಅಕ್ಷರ. ಎಷ್ಟು ದೊಡ್ಡದು ಮಾಡಿದರೂ ಚೂಪಾಗಿರುತ್ತದೆ, ಸೈಜೂ ಕಡಿಮೆ. ನೇರವಾಗಿ ಹಾಗೇ ಸೇರಿಸಿ. ಒಂದು ಮಾತು ಮಾತ್ರ ತಿಳಿದಿರಲಿ: ಡಿಜಿಟಲ್ ಸಹಿ ಆ ಫೈಲಿಗೆ ಅಂಟಿದ್ದು, ಪುಟದ ಚಿತ್ರಕ್ಕಲ್ಲ. ಬೇರೆ ಪುಟಗಳ ಜೊತೆ ಸೇರಿಸಿದ ಕೂಡಲೇ ಅದು ಬೇರೆ ಫೈಲು. ಸಹಿಯ ಗುರುತು ಪುಟದ ಮೇಲೆ ಕಂಡರೂ ಪರೀಕ್ಷೆ ಮಾಡಿದರೆ ಅದು ಸಿಂಧು ಅಂತ ಬರುವುದಿಲ್ಲ. ಇದಕ್ಕೆ ಯಾವ ಪ್ರೋಗ್ರಾಂನಲ್ಲೂ ಉಪಾಯ ಇಲ್ಲ. ಮೂಲ ಫೈಲನ್ನು ಹಾಗೇ ಎತ್ತಿಡಿ. ಮೊದಲ ಪುಟದ ಪಟ್ಟಿಯಲ್ಲಿ ಆ ಪತ್ರದ ಮುಂದೆ 'ಡಿಜಿಟಲ್ ಸಹಿಯ ಮೂಲ ಫೈಲು ಕೇಳಿದಾಗ ಕೊಡಲಾಗುವುದು' ಅಂತ ಬರೆಯಿರಿ. ಪತ್ರಕ್ಕೆ ಪಾಸ್‌ವರ್ಡ್ ಇದ್ದರೆ ಸೇರಿಸುವ ಮೊದಲು ಅದನ್ನು ತೆಗೆದ ಒಂದು ಪ್ರತಿ ಮಾಡಿಕೊಳ್ಳಬೇಕು.

ಈಗ ನಾಲ್ಕು ತುಂಡು ಸಿದ್ಧವಾಯ್ತು. ಅವುಗಳ ಹೆಸರಿಗೂ ಅದೇ ಸಂಖ್ಯೆಯ ಪದ್ಧತಿ:

```
qpdf --empty --pages 010_patti.pdf 020_pramana.pdf 030_seva.pdf 040_patra.pdf -- full.pdf
```

ಇಲ್ಲಿ ನೀವು ಬರೆದ ಸಾಲೇ ಪುಟದ ಸಾಲು, ಪ್ರೋಗ್ರಾಂ ತನ್ನ ಬುದ್ಧಿ ಓಡಿಸುವುದಿಲ್ಲ. ಮ್ಯಾಕ್ ಇದ್ದರೆ Preview ತೆರೆದು ಪಕ್ಕದ ಪಟ್ಟಿಗೆ ಫೈಲುಗಳನ್ನು ಎಳೆದು ಬಿಟ್ಟರೂ ಸಾಕು. ಜೋಡಿಸಿಕೊಡುವ ವೆಬ್‌ಸೈಟುಗಳು ಬೇಕಾದಷ್ಟಿವೆ, ನಾನು ಅವನ್ನು ಹೇಳುವುದಿಲ್ಲ. ನಿಮ್ಮ ಸೇವಾ ದಾಖಲೆ, ಪ್ರಮಾಣಪತ್ರ ಎಲ್ಲ ಯಾರದೋ ಸರ್ವರಿಗೆ ಹೋಗಿ ಬರುತ್ತದೆ. ನಿಮ್ಮ ಕಂಪ್ಯೂಟರಿನಲ್ಲೇ ಆಗುವ ಕೆಲಸಕ್ಕೆ ಅದು ಯಾಕೆ?

ಉಳಿದಿದ್ದು 40 ಎಂಬಿಯ ಪಾಡು. ಲೆಕ್ಕ ಹಾಕೋಣ. 5 ಎಂಬಿ ಅಂದರೆ 5120 ಕೆಬಿ, ಪುಟ 39. ಒಂದು ಪುಟಕ್ಕೆ ಸುಮಾರು 131 ಕೆಬಿ. ಕೆಲವು ಕಡೆ 5 ಎಂಬಿಯನ್ನು 5000 ಕೆಬಿ ಅಂತಲೇ ಎಣಿಸುತ್ತಾರೆ, ಅದಕ್ಕೆ ಪುಟಕ್ಕೆ 120 ಅಂತ ಇಟ್ಟುಕೊಳ್ಳಿ. ಪಟ್ಟಿ ಮತ್ತು ಪತ್ರದ ನಾಲ್ಕು ಪುಟ ಅಷ್ಟು ತಿನ್ನುವುದಿಲ್ಲ, ಅದರ ಉಳಿತಾಯ ಪ್ರಮಾಣಪತ್ರಗಳಿಗೆ ಹೋಗಲಿ.

ಸ್ಕ್ಯಾನ್ ಮಾಡುವಾಗಲೇ ಸೈಜು ಕಡಿಮೆ ಮಾಡುವುದು, ಆಮೇಲೆ ಹಿಂಡುವುದಕ್ಕಿಂತ ಯಾವಾಗಲೂ ಮೇಲು. ಡಿಪಿಐ ಅಂದರೆ ಇಂಚಿಗೆ ಎಷ್ಟು ಚುಕ್ಕಿ ಅಂತ. ಎ4 ಪುಟ 300 ಡಿಪಿಐನಲ್ಲಿ 2480 ಅಡ್ಡ, 3508 ಉದ್ದ ಚುಕ್ಕಿ. 150 ಡಿಪಿಐನಲ್ಲಿ 1240 ಮತ್ತು 1754, ಅಂದರೆ ಕಾಲು ಭಾಗ ಚುಕ್ಕಿ. ಸೇವಾ ದಾಖಲೆಯನ್ನು ಬೂದು ಬಣ್ಣದಲ್ಲಿ 150 ಡಿಪಿಐಗೆ ಇಟ್ಟು, ಅತಿ ಹೆಚ್ಚು ಬರಹ ಇರುವ ಒಂದು ಪುಟವನ್ನು ಮಾತ್ರ ಮೊದಲು ಸ್ಕ್ಯಾನ್ ಮಾಡಿ ಸೈಜು ನೋಡಿ. ಅದು 120ರ ಆಸುಪಾಸು ಇದ್ದರೆ ಉಳಿದವೂ ಇರುತ್ತವೆ. ಬರೀ ಕಪ್ಪು-ಬಿಳುಪು ಇಟ್ಟರೆ ಸೈಜು ಇನ್ನೂ ಇಳಿಯುತ್ತದೆ, ಟೈಪು ಮಾಡಿದ ಪುಟಕ್ಕೆ ಚೆನ್ನಾಗೂ ಇರುತ್ತದೆ. ಆದರೆ ಮಾಸಿದ ಶಾಯಿ, ತೆಳು ಮೊಹರು ಅದರಲ್ಲಿ ಪೂರ್ತಿ ಮಾಯವಾಗುತ್ತದೆ. ಹಳೆಯ ಸೇವಾ ದಾಖಲೆಗೆ ಅದು ಬೇಡ.

ಈಗಾಗಲೇ ಆಗಿರುವ full.pdf ಹಿಂಡಲೇಬೇಕು ಅಂದರೆ Ghostscript ಎಂಬ ಪ್ರೋಗ್ರಾಂ ಇದೆ:

```
gs -sDEVICE=pdfwrite -dPDFSETTINGS=/ebook -dNOPAUSE -dBATCH -sOutputFile=arji.pdf full.pdf
```

ವಿಂಡೋಸಿನಲ್ಲಿ `gs` ಬದಲು `gswin64c` ಅಂತ ಬರೆಯಬೇಕು. `/ebook` ಚಿತ್ರಗಳನ್ನು 150 ಡಿಪಿಐಗೆ ಇಳಿಸುತ್ತದೆ. `/screen` ಅಂತ ಇನ್ನೊಂದಿದೆ, ಅದು 72ಕ್ಕೆ ಇಳಿಸುತ್ತದೆ. ಸಣ್ಣ ಅಕ್ಷರ ಓದಲು ಬರುವುದಿಲ್ಲ, ಅದರ ತಂಟೆ ಬೇಡ. ಆದರೆ `/ebook` ಹಾಕಿದರೂ ಸೈಜು ಇಳಿಯಲಿಲ್ಲ ಅಂತ ಎಷ್ಟೋ ಜನ ಹೇಳುತ್ತಾರೆ. ಕಾರಣ ಹೆಚ್ಚಾಗಿ ಫೋನಿನ ಫೋಟೋಗಳಲ್ಲಿ ಇರುತ್ತದೆ. 3000 ಅಡ್ಡ 4000 ಉದ್ದ ಚುಕ್ಕಿಯ ಫೋಟೋವನ್ನು ಕಾಗದದ ಅಳತೆ ಹೇಳದೆ ಪಿಡಿಎಫ್ ಮಾಡಿದರೆ ಕೆಲವು ಪ್ರೋಗ್ರಾಂಗಳು ಇಂಚಿಗೆ 96 ಚುಕ್ಕಿ ಅಂತ ಹಿಡಿದು ಪುಟವನ್ನು ಸುಮಾರು 42 ಇಂಚು ಉದ್ದ ಮಾಡುತ್ತವೆ. ಆಗ Ghostscript ಲೆಕ್ಕದಲ್ಲಿ ಅದು 96 ಡಿಪಿಐ ಚಿತ್ರ, ಇಳಿಸಲು ಏನೂ ಇಲ್ಲ. ಗುರುತಿಸುವುದು ಸುಲಭ: ಫೈಲನ್ನು ಮೇಲಿಂದ ಕೆಳಗೆ ಉರುಳಿಸಿದರೆ ಆ ಪುಟಗಳು ಮಾತ್ರ ದೈತ್ಯವಾಗಿ, ಉಳಿದವು ಪುಟಾಣಿಯಾಗಿ ಕಾಣುತ್ತವೆ. ಫೋಟೋಗಳನ್ನು ಎ4 ಪುಟಕ್ಕೆ ಕೂರಿಸಿ ಮತ್ತೆ ಪಿಡಿಎಫ್ ಮಾಡಿ, ಆಮೇಲೆ ಹಿಂಡಿದರೆ ಸೈಜು ಸರ್ರನೆ ಇಳಿಯುತ್ತದೆ. ಇನ್ನೊಂದು ಮಿತಿ, 225 ಡಿಪಿಐಗಿಂತ ಕಡಿಮೆ ಇರುವ ಚಿತ್ರವನ್ನು `/ebook` ಇಳಿಸುವುದಿಲ್ಲ. ಹಾಗಾಗಿ 200ರಲ್ಲಿ ಸ್ಕ್ಯಾನ್ ಮಾಡಿದ್ದು ಹಾಗೇ ಉಳಿಯುತ್ತದೆ, ಅದನ್ನು 150ರಲ್ಲಿ ಮತ್ತೆ ಸ್ಕ್ಯಾನ್ ಮಾಡಬೇಕು.

ಹಿಂಡುವುದು ಒಂದೇ ಸಲ, ಎಲ್ಲ ಜೋಡಿಸಿದ ಮೇಲೆ. ಹಿಂಡಿದ್ದನ್ನೇ ಮತ್ತೆ ಹಿಂಡಿದರೆ ಅಕ್ಷರದ ಸುತ್ತ ಕೊಳೆ ಹಿಡಿದ ಹಾಗೆ ಆಗುತ್ತದೆ. ಸಾಲದು ಅನ್ನಿಸಿದರೆ full.pdfಗೆ ಹಿಂತಿರುಗಿ ಅಲ್ಲಿಂದ ಶುರು ಮಾಡಿ.

ಕೊನೆಯ ತಪಾಸಣೆಯಲ್ಲಿ 39 ಪುಟವನ್ನೂ ಓದಬೇಕಿಲ್ಲ. ಒಟ್ಟು ಪುಟ 39 ಇದೆಯಾ ನೋಡಿ. ಪಟ್ಟಿ ಹಿಡಿದು 2, 12, 13, 36, 37ನೇ ಪುಟಕ್ಕೆ ಹೋಗಿ, ಅಲ್ಲಿ ಬರಬೇಕಾದ ದಾಖಲೆಯೇ ಶುರುವಾಗಿದೆಯಾ, ಮುಗಿದಿದೆಯಾ ನೋಡಿ. ಸೇವಾ ದಾಖಲೆಯ ನಡುವೆ, 24-25ರ ಹತ್ತಿರ, ಬರಹ ಒಂದು ಪುಟದಿಂದ ಇನ್ನೊಂದಕ್ಕೆ ಓಡುತ್ತಾ ಹೋಗಿದೆಯಾ ಅಂತ ಓದಿ. ಅತಿ ಸಣ್ಣ ಅಕ್ಷರ ಇರುವ ಪ್ರಮಾಣಪತ್ರವನ್ನು ನೂರು ಪ್ರತಿಶತ ಗಾತ್ರದಲ್ಲಿ ನೋಡಿ. ಆಮೇಲೆ ಅದೇ ಫೈಲನ್ನು ಬೇರೊಂದು ಸಾಧನದಲ್ಲಿ, ಫೋನಿನಲ್ಲಾದರೂ, ಒಮ್ಮೆ ತೆರೆಯಿರಿ.

ಫೈಲಿನ ಹೆಸರು arji.pdf ಥರ ಚಿಕ್ಕದಾಗಿರಲಿ. ಖಾಲಿ ಜಾಗ, ಆವರಣ ಚಿಹ್ನೆ, ಇಂಗ್ಲಿಷ್ ಅಲ್ಲದ ಅಕ್ಷರ ಇರುವ ಹೆಸರನ್ನು ಕೆಲವು ಅರ್ಜಿಗಳು ಕಾರಣವನ್ನೇ ಹೇಳದೆ ತಳ್ಳಿಬಿಡುತ್ತವೆ. ಒಂದೇ ಅಪ್‌ಲೋಡ್ ಜಾಗದಲ್ಲಿ ಎರಡನೇ ಫೈಲು ಆರಿಸಿದರೆ ಸಾಮಾನ್ಯವಾಗಿ ಅದು ಮೊದಲನೆಯದರ ಜೊತೆ ಸೇರುವುದಿಲ್ಲ, ಅದರ ಜಾಗಕ್ಕೇ ಬರುತ್ತದೆ. ಹಾಗಾಗಿ ಒಂದು ಪುಟ ಬಿಟ್ಟುಹೋಗಿದೆ ಅಂತ ಆಮೇಲೆ ನೆನಪಾದರೆ ಆ ಪುಟವನ್ನಷ್ಟೇ ಹಾಕಬೇಡಿ. full.pdf ಮತ್ತೆ ಕಟ್ಟಿ, ಪೂರ್ತಿ ಫೈಲನ್ನೇ ಹಾಕಿ. ಸಲ್ಲಿಸುವ ಮೊದಲು ಹಾಕಿದ್ದನ್ನು ತೆರೆದು ನೋಡುವ ಸೌಲಭ್ಯ ಇದ್ದರೆ ಅಲ್ಲಿಂದಲೇ ತೆರೆದು 39ನೇ ಪುಟದ ತನಕ ಹೋಗಿ. ಅಪ್‌ಲೋಡ್ ಅರ್ಧಕ್ಕೆ ನಿಂತಿದ್ದರೆ ಫೈಲು ತೆರೆಯುವುದೇ ಇಲ್ಲ, ಇಲ್ಲವೇ ನಡುವೆ ಎಲ್ಲೋ ಬಿಳಿ ಪುಟ ಶುರುವಾಗಿರುತ್ತದೆ.